ಪ್ಯಾನ್ ತಪ್ಪಿ ಟಿಡಿಎಸ್ ಜಾಸ್ತಿ ಕಡಿತವಾಯಿತೇ? ಪೇರೋಲ್‌ಗೆ ಹೀಗೆ ಬರೆಯಿರಿ

ಸಂಬಳ ಅದೇ, ಆದರೆ ಕೈಗೆ ಬಂದದ್ದು ಕಮ್ಮಿ. ಪೇಸ್ಲಿಪ್ ತೆಗೆದು ನೋಡಿದರೆ ಟಿಡಿಎಸ್ ಸಾಲಿನಲ್ಲಿ ದೊಡ್ಡ ಮೊತ್ತ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಹೀಗಾದರೆ ಮೊದಲು ಅನುಮಾನಿಸಬೇಕಾದದ್ದು ಪ್ಯಾನ್ ನಂಬರನ್ನು. ಪ್ಯಾನ್ ಕೊಡದಿದ್ದರೆ ತೆರಿಗೆ ಬೀಳುವ ಸಂಬಳದ ಮೇಲೆ ಕನಿಷ್ಠ ಶೇ 20ರಷ್ಟು ಟಿಡಿಎಸ್ ಎನ್ನುತ್ತದೆ 2025-26ರ ಸಂಬಳಕ್ಕೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 206ಎಎ. ತಪ್ಪು ಪ್ಯಾನ್ ಕೊಟ್ಟರೂ ಕೊಡದ ಹಾಗೆಯೇ ಲೆಕ್ಕ.

2025-26ರ ಒಂದು ಉದಾಹರಣೆ ನೋಡೋಣ. ವರ್ಷಕ್ಕೆ 15,75,000 ರೂಪಾಯಿ ಸಂಬಳ, ಹೊಸ ತೆರಿಗೆ ಪದ್ಧತಿ. 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 15 ಲಕ್ಷ ಉಳಿಯುತ್ತದೆ. ಅದಕ್ಕೆ ಸೆಸ್ ಸೇರಿ ತೆರಿಗೆ 1,09,200, ಅಂದರೆ ತಿಂಗಳಿಗೆ 9,100. ಪ್ಯಾನ್ ತಪ್ಪಿದ್ದಕ್ಕೆ ಆ 15 ಲಕ್ಷದ ಶೇ 20ರ ಲೆಕ್ಕದಲ್ಲಿ ತಿಂಗಳಿಗೆ 25,000 ಹೋಯಿತು. ಏಪ್ರಿಲ್‌ನಿಂದ ಜುಲೈವರೆಗೆ ಒಂದು ಲಕ್ಷ! ಗೊತ್ತಾದದ್ದು ಆಗಸ್ಟ್‌ನಲ್ಲಿ.

ಮೊದಲು ತಪ್ಪು ಎಲ್ಲಿದೆ ನೋಡಿ

ಪೇಸ್ಲಿಪ್‌ನಲ್ಲಿರುವ ಪ್ಯಾನನ್ನು ಕಾರ್ಡಿನ ಪಕ್ಕ ಇಟ್ಟು ಒಂದೊಂದೇ ಅಕ್ಷರ ಹೋಲಿಸಿ. ಹತ್ತು ಸ್ಥಾನಗಳಲ್ಲಿ ಮೊದಲ ಐದು ಅಕ್ಷರ, ನಂತರ ನಾಲ್ಕು ಅಂಕಿ, ಕೊನೆಯದು ಮತ್ತೆ ಅಕ್ಷರ. ನಾಲ್ಕನೆಯದು ವ್ಯಕ್ತಿಗಳಿಗೆ ಯಾವಾಗಲೂ P. ನಮ್ಮ ಉದಾಹರಣೆಯಲ್ಲಿ ಏಳನೇ ಸ್ಥಾನದ ಸೊನ್ನೆ ಬದಲು O ಬಿದ್ದಿತ್ತು. ಅಲ್ಲಿ ಅಕ್ಷರ ಬರುವ ಹಾಗೇ ಇಲ್ಲ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಅಲ್ವಾ?

ನಂಬರ್ ಸರಿಯಿದ್ದೂ ಶೇ 20 ಕಡಿತವಾಗಿದ್ದರೆ ಆಧಾರ್ ಜೋಡಣೆಯಾಗದೆ ಪ್ಯಾನ್ ನಿಷ್ಕ್ರಿಯವಾಗಿರಬಹುದು. ಅದನ್ನು ಪೇರೋಲ್‌ನವರು ಸರಿಮಾಡಲಾರರು. incometax.gov.in ನಲ್ಲಿ Link Aadhaar Status ನೋಡಿ, ಜೋಡಣೆ ನೀವೇ ಮಾಡಬೇಕು.

ಕೇಳಬೇಕಾದದ್ದು ಎರಡು

ಜನ ಎಡವುವುದು ಇಲ್ಲೇ. 'ನನ್ನ ಪ್ಯಾನ್ ಸರಿಮಾಡಿ' ಎಂದಷ್ಟೇ ಬರೆದರೆ ಪೇರೋಲ್‌ನವರು ತಮ್ಮ ಸಾಫ್ಟ್‌ವೇರ್‌ನಲ್ಲಿ ನಂಬರ್ ತಿದ್ದಿ 'ಆಯ್ತು' ಎಂದು ಉತ್ತರ ಕಳಿಸುತ್ತಾರೆ. ಮುಂದಿನ ತಿಂಗಳಿಂದ ಕಡಿತ ಸರಿಹೋಗುತ್ತದೆ, ನಿಜ. ಆದರೆ ಏಪ್ರಿಲ್‌-ಜೂನ್‌ನ 75,000 ರೂಪಾಯಿ ನಿಮ್ಮ ಸರಿಯಾದ ಪ್ಯಾನ್‌ಗೆ ಸೇರದೆ ಆಗಲೇ ಸರ್ಕಾರಕ್ಕೆ ಹೋಗಿದೆ. ಯಾರ ಸಂಬಳದಿಂದ ಎಷ್ಟು ಟಿಡಿಎಸ್ ಕಡಿತವಾಗಿದೆ ಎಂದು ಕಂಪನಿ ಮೂರು ತಿಂಗಳಿಗೊಮ್ಮೆ ಇಲಾಖೆಗೆ ಕೊಡುವ ಪಟ್ಟಿಯೇ 24ಕ್ಯೂ. ಆ ತ್ರೈಮಾಸಿಕದ 24ಕ್ಯೂ ಸಲ್ಲಿಸಲು ಕೊನೆಯ ದಿನ ಜುಲೈ 31. ಅದು ಸಲ್ಲಿಕೆಯಾಗಿದ್ದರೆ ತಿದ್ದುಪಡಿ ಪಟ್ಟಿ ಹಾಕಲೇಬೇಕು. ಹಾಕದಿದ್ದರೆ ಆ ಹಣ ನಿಮ್ಮ ಹೆಸರಿಗೆ ಬರುವುದೇ ಇಲ್ಲ. ಜುಲೈನ 25,000ಕ್ಕೆ ಈ ತಲೆನೋವಿಲ್ಲ. ಅದರ ಪಟ್ಟಿ ಅಕ್ಟೋಬರ್‌ನಲ್ಲಿ ಹೋಗುವುದು, ಅಷ್ಟರಲ್ಲಿ ಪ್ಯಾನ್ ತಿದ್ದಿದ್ದರೆ ಸಾಕು.

ಹಾಗಾಗಿ ಮೇಲ್ ಹೀಗಿರಲಿ:

'ನನ್ನ ಉದ್ಯೋಗಿ ಸಂಖ್ಯೆ ಇಂಥದ್ದು. ದಾಖಲೆಯಲ್ಲಿ ನನ್ನ ಪ್ಯಾನ್‌ನ ಏಳನೇ ಸ್ಥಾನದಲ್ಲಿ ಸೊನ್ನೆ ಬದಲು O ಅಕ್ಷರವಿದೆ. ಪ್ಯಾನ್ ಪ್ರತಿ ಲಗತ್ತಿಸಿದ್ದೇನೆ. ದಯವಿಟ್ಟು ಆಗಸ್ಟ್ ಸಂಬಳಕ್ಕೆ ಮುಂಚೆ ತಿದ್ದಿ, ಹೆಚ್ಚುವರಿ ಕಡಿತವನ್ನು ಉಳಿದ ತಿಂಗಳುಗಳಲ್ಲಿ ಹೊಂದಿಸಿ. ಏಪ್ರಿಲ್‌-ಜೂನ್‌ನ 24ಕ್ಯೂಗೆ ತಿದ್ದುಪಡಿ ಸಲ್ಲಿಸಿ, ಅದರ ಸ್ವೀಕೃತಿಯ ಟೋಕನ್ ನಂಬರ್ ತಿಳಿಸಿ.'

ತಪ್ಪು ಯಾರದು ಎಂಬ ವಾದ ಮೇಲ್‌ನಲ್ಲಿ ಬೇಡ. ಎಷ್ಟೋ ಸಲ ಸೇರುವಾಗ ಫಾರಂ ತುಂಬಿದವರು ನಾವೇ ಆಗಿರುತ್ತೇವೆ.

ಹಣ ವಾಪಸ್ ಬರುವುದು ಹೇಗೆ?

ಸರ್ಕಾರಕ್ಕೆ ಕಟ್ಟಿದ್ದನ್ನು ಸುಮ್ನೆ ನಿಮ್ಮ ಖಾತೆಗೆ ಹಾಕಿ ಎಂದರೆ ಕಂಪನಿ ಒಪ್ಪುವುದಿಲ್ಲ. ಆದರೆ ಅದೇ ಹಣಕಾಸು ವರ್ಷದೊಳಗೆ ಮುಂದಿನ ಕಡಿತ ಇಳಿಸಿ ಸರಿದೂಗಿಸಲು ಕಾನೂನಿನಲ್ಲಿ ಅವಕಾಶವಿದೆ. ವರ್ಷದ ತೆರಿಗೆ 1,09,200ರಲ್ಲಿ ಒಂದು ಲಕ್ಷ ಆಗಲೇ ಹೋಗಿದೆ. ಉಳಿದ 9,200ನ್ನು ಆಗಸ್ಟ್‌ನಿಂದ ಮಾರ್ಚ್‌ವರೆಗಿನ ಎಂಟು ತಿಂಗಳಿಗೆ ಹಂಚಿದರೆ ತಿಂಗಳಿಗೆ 1,150 ಮಾತ್ರ. ಆಗಸ್ಟ್ ಪೇಸ್ಲಿಪ್‌ನಲ್ಲಿ 9,100 ಕಡಿತವಾಗಿದ್ದರೆ ಪ್ಯಾನ್ ತಿದ್ದಿದ್ದಾರೆ, ಹೊಂದಾಣಿಕೆ ಮಾಡಿಲ್ಲ ಎಂದರ್ಥ. ಇನ್ನೊಂದು ಮೇಲ್ ಹಾಕಿ.

ಮಾರ್ಚ್ ದಾಟಿದ ಮೇಲೆ ಗೊತ್ತಾದರೆ ಹೊಂದಾಣಿಕೆಗೆ ದಾರಿಯಿಲ್ಲ. ರಿಟರ್ನ್ ಸಲ್ಲಿಸಿ ರಿಫಂಡ್ ಪಡೆಯಬೇಕು. 'ರಿಟರ್ನ್‌ನಲ್ಲಿ ಕ್ಲೇಮ್ ಮಾಡ್ಕೊಳ್ಳಿ' ಎಂದು ಪೇರೋಲ್‌ನವರು ಸಾಗಹಾಕಿದರೆ ಒಪ್ಪಬೇಡಿ. 24ಕ್ಯೂ ತಿದ್ದದೆ ಕ್ಲೇಮ್ ಮಾಡಿದರೆ ಆ ಟಿಡಿಎಸ್ ಇಲಾಖೆಯ ದಾಖಲೆಗೆ ತಾಳೆಯಾಗದು. ರಿಫಂಡ್ ಬದಲು ಬಾಕಿ ಕಟ್ಟಿ ಎಂಬ ನೋಟಿಸ್ ಬರಬಹುದು.

ತಿದ್ದಿದ್ದು ಖಾತ್ರಿ ಮಾಡಿಕೊಳ್ಳಿ

ಟೋಕನ್ ನಂಬರ್ ಬಂದ ಕೆಲವು ದಿನಗಳ ನಂತರ incometax.gov.in ಗೆ ಲಾಗಿನ್ ಆಗಿ e-File > Income Tax Returns > View Form 26AS ತೆರೆಯಿರಿ. ನಿಮ್ಮ ಪ್ಯಾನ್‌ಗೆ ಜಮೆಯಾದ ತೆರಿಗೆಯ ಪಟ್ಟಿ ಇದು. ಕಂಪನಿಯ ಹೆಸರಿನ ಕೆಳಗೆ ಏಪ್ರಿಲ್, ಮೇ, ಜೂನ್‌ಗೆ 25,000ದಂತೆ ಮೂರು ಸಾಲು ಕಾಣಬೇಕು. ಕಾಣದಿದ್ದರೆ ಆ ಪುಟದ ಪ್ರತಿಯನ್ನೇ ಹಚ್ಚಿ ಪೇರೋಲ್‌ಗೆ ಮತ್ತೆ ಬರೆಯಿರಿ. ಜೂನ್‌ನಲ್ಲಿ ಕಂಪನಿಯಿಂದ ಕೈಗೆ ಬರುವ ಟಿಡಿಎಸ್ ಪ್ರಮಾಣಪತ್ರ, ಅಂದರೆ ಫಾರಂ 16ರ ಪಾರ್ಟ್ ಎ ತಯಾರಾಗುವುದೂ ಇದೇ ದಾಖಲೆಯಿಂದ. ಅದರಲ್ಲಿ ಮೊದಲ ತ್ರೈಮಾಸಿಕದ ಸಾಲಿನಲ್ಲಿ 75,000 ಇದೆಯೇ ನೋಡಿಕೊಂಡು ಆಮೇಲೆ ರಿಟರ್ನ್ ಸಲ್ಲಿಸಿ.