ಎರಡು ಆನೆ, ಯಾವ ಫೈಲ್?

ಚೆಸ್‌ನಲ್ಲಿ ತೆರೆದ ಫೈಲ್, ಅಂದರೆ ಯಾರ ಪಾನೂ ಇಲ್ಲದ ಉದ್ದ ಸಾಲು, ಕಂಡ ಕೂಡಲೇ ಎರಡೂ ಆನೆ ಅಲ್ಲಿಗೆ ತರುವವರು ಜಾಸ್ತಿ. ನಾನು ಮೊದಲು ಫೈಲಿನ ಆಚೆ ತುದಿ ನೋಡುತ್ತೇನೆ. ನನ್ನ ಆನೆ ಏಳನೇ ಸಾಲಿಗೆ ಹೋಗಿ ನಿಲ್ಲುವ ಮನೆ ಖಾಲಿ ಇದೆಯಾ? ಅದನ್ನು ಯಾರು ಕಾಯ್ತಾ ಇದ್ದಾರೆ?

ಧಾರವಾಡದ ಒಂದು ಟೂರ್ನಮೆಂಟಿನಲ್ಲಿ ಗದಗಿನ ಹಿರಿಯರೊಬ್ಬರ ಜೊತೆ ಆಡಿದ ಆಟ ಹೇಳುತ್ತೇನೆ. ಬೋರ್ಡ್ ಇದ್ದರೆ ಜೋಡಿಸಿಕೊಳ್ಳಿ. ನಾನು ಬಿಳಿ. ರಾಜ ಜಿ1, ಆನೆಗಳು ಎ1 ಮತ್ತು ಇ1, ಒಂಟೆ ಡಿ3. ಪಾನ್‌ಗಳು ಎ2, ಬಿ2, ಡಿ4, ಎಫ್2, ಜಿ2, ಎಚ್3. ಅವರ ರಾಜ ಎಫ್7, ಆನೆಗಳು ಎ8 ಮತ್ತು ಎಚ್8, ಒಂಟೆ ಇ6. ಪಾನ್‌ಗಳು ಎ7, ಬಿ6, ಡಿ5, ಎಫ್6, ಜಿ7, ಎಚ್7. ನಡೆ ನನ್ನದು.

ಸಿ ಮತ್ತು ಇ, ಎರಡೂ ಫೈಲ್ ತೆರೆದಿವೆ. ಇ ಫೈಲಿನಲ್ಲಿ ನನ್ನ ಆನೆ ಆಗಲೇ ಕೂತಿದೆ, ಇನ್ನೊಂದನ್ನೂ ಅಲ್ಲಿಗೇ ತರೋಣ ಅನಿಸುತ್ತದೆ ಅಲ್ವಾ? ಆದರೆ ದಾರಿಯಲ್ಲೇ ಅವರ ಒಂಟೆ ಇದೆ. ಅದನ್ನು ರಾಜ ಕಾಯ್ತಾನೆ. ನಾನು ಎರಡು ಆನೆ ಹಚ್ಚಿದರೆ ಅವರು ಒಂದು ಆನೆ ಇ8ಕ್ಕೆ ತಂದರೆ ಮುಗೀತು. ಇ7 ಕೂಡ ರಾಜನ ಕೈಯಲ್ಲೇ ಇದೆ. ಸಿ7 ಹಾಗಲ್ಲ. ಅದು ಕಪ್ಪು ಮನೆ, ಅವರ ಒಂಟೆ ಓಡಾಡುವುದು ಬಿಳಿ ಮನೆಗಳಲ್ಲಿ. ಪಾನ್ ಯಾವುದೂ ಅದನ್ನು ಕಾಯಲ್ಲ.

ಎ1ರ ಆನೆಯನ್ನು ಸಿ1ಕ್ಕೆ ತಂದೆ. ಅವರು ಎಚ್8ರ ಆನೆಯನ್ನು ಸಿ8ಕ್ಕೆ ತಂದು ಎದುರು ನಿಲ್ಲಿಸಿದರು. ಇಲ್ಲಿ ಸುಮ್ನೆ ಆನೆ ಬದಲಾಯಿಸಿಕೊಂಡರೆ ಫೈಲ್ ಯಾರದೂ ಅಲ್ಲ. ನಾನು ಒಂಟೆಯನ್ನು ಎ6ಕ್ಕೆ ಹಾಕಿದೆ. ಈಗ ಸಿ8 ನನ್ನ ಹಿಡಿತಕ್ಕೆ ಬಂತು. ಅವರು ಸಿ1ರಲ್ಲಿ ಹೊಡೆದರೆ ಇ1ರ ಆನೆ ತಿರುಗಿ ಹೊಡೆಯುತ್ತದೆ, ಆಮೇಲೆ ಎ8ರ ಆನೆಗೂ ಸಿ8ಕ್ಕೆ ಬರಲಾಗದು. ಆನೆಯನ್ನು ಸಿ6ಕ್ಕೆ ತಂದರೆ ಅಲ್ಲಿ ಅದನ್ನು ಕಾಯುವವರಿಲ್ಲ, ನನ್ನ ಸಿ1ರ ಆನೆ ಸುಮ್ನೆ ಹೊಡೆಯುತ್ತದೆ.

ಅವರು ಆನೆಯನ್ನು ಡಿ8ಕ್ಕೆ ಸರಿಸಿದರು. ನನ್ನ ಆನೆ ಸಿ7ಕ್ಕೆ, ಚೆಕ್. ಅವರು ಡಿ7ರಲ್ಲಿ ಆನೆ ಅಡ್ಡ ಹಾಕಿದರು. ಈಗ ಎರಡನೇ ಆನೆ ಬೇಕಾಯ್ತು: ಇ1ರಿಂದ ಸಿ1ಕ್ಕೆ. ಅವರು ಸಿ7ರಲ್ಲಿ ಹೊಡೆದರು, ನಾನು ಸಿ1ರ ಆನೆಯಿಂದ ತಿರುಗಿ ಹೊಡೆದೆ, ಮತ್ತೆ ಚೆಕ್. ಒಂದು ಆನೆ ಹೋದರೂ ಸಿ7 ಕೈ ತಪ್ಪಲಿಲ್ಲ.

ಅವರ ರಾಜ ಎಫ್8ಕ್ಕೆ ಹೋದ. ಎ8ರ ಆನೆ ಎ7ರ ಪಾನ್ ಕಾಯುತ್ತಾ ಕೂರಬೇಕು, ಬಿಟ್ಟರೆ ಪಾನ್ ಹೋಯಿತು. ಸ್ವಲ್ಪ ಹೊತ್ತು ಕೂತರು, ಬೇಸರವಾಗಿ ಆನೆಯನ್ನು ಇ8ಕ್ಕೆ ತಂದರು, ನಾನು ಎ7ರಲ್ಲಿ ಹೊಡೆದೆ.

ಆಟ ಮುಗಿದ ಮೇಲೆ ಕೇಳಿದರು, "ಇ ಫೈಲ್ ಯಾಕ್ ಬಿಟ್ರಿ? ಅಲ್ಲೇ ಬರ್ತೀರಿ ಅಂದ್ಕೊಂಡಿದ್ದೆ." ನಾನು ಅವರ ಎರಡು ಪಾನ್ ಎ6, ಬಿ5ಕ್ಕೆ ಸರಿಸಿ ತೋರಿಸಿದೆ. ಹಾಗಿದ್ದಿದ್ದರೆ ನನ್ನ ಒಂಟೆಗೆ ಎ6 ಸಿಗುತ್ತಿರಲಿಲ್ಲ. ಸಿ8ರಲ್ಲಿ ಅವರ ಆನೆ ಹಾಯಾಗಿ ನಿಲ್ಲುತ್ತಿತ್ತು, ಎರಡು ಜೋಡಿ ಆನೆಯೂ ಬದಲಾಗಿ ಆಟ ಡ್ರಾ ಕಡೆಗೆ ಹೋಗುತ್ತಿತ್ತು.