ಲಾಕ್ ಆದ ಫೋನ್‌ನಲ್ಲಿ ಕರೆ ಸದ್ದು ಮಾಡದಿದ್ದಾಗ ನಾನು ನೋಡುವ ಕ್ರಮ

ಪರಿಚಯದವರ ಫೋನ್ ಕೆಟ್ಟರೆ ಹೆಚ್ಚಾಗಿ ನನ್ನ ಕೈಗೇ ಬರುತ್ತದೆ. ಅದರಲ್ಲಿ ಪದೇ ಪದೇ ಕೇಳುವ ದೂರು ಇದು: "ಫೋನ್ ಪಕ್ಕದಲ್ಲೇ ಇತ್ತು, ಸದ್ದೇ ಮಾಡಲಿಲ್ಲ. ಆಮೇಲೆ ತೆಗೆದು ನೋಡಿದರೆ ಮಿಸ್ಡ್ ಕಾಲ್ ಇದೆ." ಆಂಡ್ರಾಯ್ಡ್ ಫೋನ್‌ನಲ್ಲಿ ಇದನ್ನು ನಾನು ಹೇಗೆ ಹುಡುಕುತ್ತೇನೆ ಅನ್ನುವುದನ್ನು ನಮ್ಮ ಚಿಕ್ಕಮ್ಮನ ಫೋನಿನ ಕಥೆಯಲ್ಲೇ ಹೇಳುತ್ತೇನೆ. ಅದರಲ್ಲಿ ಎರಡು ತೊಂದರೆ ಒಂದರ ಹಿಂದೆ ಒಂದು ಅಡಗಿದ್ದವು.

ನಾನು ಮೊದಲು ಕೇಳಿದ್ದು, "ಯಾವ ಕರೆ ಚಿಕ್ಕಮ್ಮ? ಸಿಮ್‌ಗೆ ಬರೋದಾ, ಆಪ್‌ನಲ್ಲಿ ಬರೋದಾ?" ಇವೆರಡೂ ಬೇರೆ ಬೇರೆ ದಾರಿಯಲ್ಲಿ ಬರುತ್ತವೆ. ಸಿಮ್‌ಗೆ ಬರುವ ಕರೆಯನ್ನು ಫೋನಿನ ಮೋಡೆಮ್ ನೇರವಾಗಿ ಹಿಡಿಯುತ್ತದೆ. ಬ್ಯಾಟರಿ ಸೇವರ್ ಆನ್ ಇದ್ದರೂ ಅದು ಸಾಮಾನ್ಯವಾಗಿ ಹೊಡೆದೇ ಹೊಡೆಯುತ್ತದೆ. ಆಪ್‌ನಲ್ಲಿ ಬರುವ ಕರೆ ಇಂಟರ್ನೆಟ್ ಮೇಲೆ ಬರುವ ಒಂದು ಸಂದೇಶ, ಅಷ್ಟೇ. ಆ ಸಂದೇಶ ಬಂದು, ಮಲಗಿರುವ ಆಪ್ ಎದ್ದು, ಕರೆ ಬಂದಿದೆ ಅಂತ ನೋಟಿಫಿಕೇಷನ್ ಹಾಕಬೇಕು. ಆಗಲೇ ಸದ್ದು ಬರುವುದು.

ಚಿಕ್ಕಮ್ಮನಿಗೆ ಸಿಮ್ ಕರೆಗಳು ಸರಿಯಾಗೇ ಬರುತ್ತಿದ್ದವು. ದೂರದಲ್ಲಿರುವ ಮಗ ಮೆಸೇಜಿಂಗ್ ಆಪ್‌ನಲ್ಲಿ ಮಾಡುವ ಕರೆಗಳು ಮಾತ್ರ ತಪ್ಪುತ್ತಿದ್ದವು. "ಫೋನ್ ಕೈಯಲ್ಲಿದ್ದಾಗ ಬರುತ್ತೆ ಕಣೋ, ಟೇಬಲ್ ಮೇಲಿಟ್ಟು ಕೆಲಸಕ್ಕೆ ಹೋದ್ರೆ ಬರಲ್ಲ" ಅಂದರು. ಅರ್ಧ ಉತ್ತರ ಅವರೇ ಕೊಟ್ಟುಬಿಟ್ಟಿದ್ದರು.

ಇಲ್ಲಿ ತುಂಬಾ ಜನ ನೇರವಾಗಿ ಸೆಟ್ಟಿಂಗ್ಸ್‌ಗೆ ನುಗ್ಗಿ ಕಂಡದ್ದನ್ನೆಲ್ಲ ಬದಲಾಯಿಸುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ಕರೆ ಫೋನಿನವರೆಗೆ ತಲುಪಿತೋ ಇಲ್ಲವೋ, ಅದು ಮೊದಲು ಗೊತ್ತಾಗಬೇಕು. ಅದನ್ನು ತಿಳಿಯುವ ದಾರಿ ಕರೆ ಮಾಡುವವರ ಪರದೆಯಲ್ಲೇ ಇದೆ. ಹಲವು ಆಪ್‌ಗಳಲ್ಲಿ ಕರೆ ಹೊರಟ ಕೂಡಲೇ "Calling" ಅಂತ ಬರುತ್ತದೆ. ಆ ಕಡೆಯ ಫೋನ್ ಸಂದೇಶವನ್ನು ಪಡೆದು ಉತ್ತರ ಕೊಟ್ಟ ಮೇಲೆ ಅದು "Ringing" ಆಗುತ್ತದೆ. ಕೊನೆಯವರೆಗೂ "Calling" ಅಂತಲೇ ಇದ್ದರೆ ಕರೆ ಫೋನಿಗೆ ಮುಟ್ಟಿಲ್ಲ. ಆಗ ಬ್ಯಾಟರಿ, ಡೇಟಾ, ಆಪ್ ಮಲಗಿರುವುದು, ಇವುಗಳ ಕಡೆ ನೋಡಬೇಕು. "Ringing" ಅಂತ ಬಂದೂ ಸದ್ದಿಲ್ಲ ಅಂದರೆ ಕರೆ ಫೋನಿನೊಳಗೆ ಬಂದಿದೆ, ಹೇಳುವ ಬಾಯಿ ಮುಚ್ಚಿದೆ. ಆಗ ನೋಟಿಫಿಕೇಷನ್ ನೋಡಬೇಕು. ಈ ಒಂದು ವ್ಯತ್ಯಾಸ ಹಿಡಿದರೆ ಹುಡುಕುವ ಕೆಲಸ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಇದನ್ನು ನೋಡುವಾಗ ಫೋನನ್ನು ಲಾಕ್ ಮಾಡಿದ ಕೂಡಲೇ ಕರೆ ಮಾಡಿದರೆ ಏನೂ ಗೊತ್ತಾಗುವುದಿಲ್ಲ. ಆಗಿನ್ನೂ ಆಪ್ ಎಚ್ಚರವಾಗಿಯೇ ಇರುತ್ತದೆ, ಕರೆ ಹೊಡೆಯುತ್ತದೆ, ಎಲ್ಲ ಸರಿ ಇದೆ ಅನ್ನಿಸುತ್ತದೆ. ಚಾರ್ಜರ್ ಚುಚ್ಚಿದ್ದಾಗಲೂ ಅಷ್ಟೇ. ಆಂಡ್ರಾಯ್ಡ್ 6ರಿಂದ, ಅಂದರೆ 2015ರಿಂದ, ಡೋಜ್ ಅನ್ನುವ ವ್ಯವಸ್ಥೆ ಇದೆ. ಚಾರ್ಜರ್ ಇಲ್ಲದೆ, ಪರದೆ ಆರಿ, ಫೋನ್ ಅಲುಗಾಡದೆ ಸ್ವಲ್ಪ ಹೊತ್ತು ಇದ್ದರೆ ಅದು ಆಪ್‌ಗಳ ಇಂಟರ್ನೆಟ್ ಬಳಕೆಯನ್ನು ತಡೆಹಿಡಿಯುತ್ತದೆ, ಆಗೊಮ್ಮೆ ಈಗೊಮ್ಮೆ ಮಾತ್ರ ಬಿಡುತ್ತದೆ. ಚಾರ್ಜಿಗೆ ಹಾಕಿದರೆ ಇದು ಕೆಲಸ ಮಾಡುವುದಿಲ್ಲ. ಬ್ಯಾಟರಿ ಸೇವರ್ ಕೂಡ ಚಾರ್ಜಿಂಗ್‌ನಲ್ಲಿ ಸಾಮಾನ್ಯವಾಗಿ ಬಿಟ್ಟುಕೊಡುತ್ತದೆ. ಹಾಗಾಗಿ "ಚಾರ್ಜಿಗೆ ಹಾಕಿದ್ದಾಗ ಕರೆ ಬರುತ್ತೆ, ತೆಗೆದರೆ ಬರಲ್ಲ" ಅಂತ ಯಾರಾದರೂ ಹೇಳಿದರೆ ನಾನು ನೇರ ಬ್ಯಾಟರಿ ಪುಟಕ್ಕೇ ಹೋಗುತ್ತೇನೆ.

ಚಿಕ್ಕಮ್ಮನ ಫೋನನ್ನು ಚಾರ್ಜರ್‌ನಿಂದ ತೆಗೆದು, ಲಾಕ್ ಮಾಡಿ, ಟೇಬಲ್ ಮೇಲೆ ಬಿಟ್ಟೆ. ಒಂದು ಗಂಟೆಯ ಹತ್ತಿರ ಯಾರೂ ಮುಟ್ಟಲಿಲ್ಲ. ಆಮೇಲೆ ನನ್ನ ಫೋನಿನಿಂದ ಆಪ್‌ನಲ್ಲಿ ಕರೆ ಮಾಡಿದೆ. ನನ್ನ ಪರದೆಯಲ್ಲಿ ಕೊನೆಯವರೆಗೂ "Calling". ಅವರ ಫೋನ್ ಕಪ್ಪಗೆ ಬಿದ್ದಿತ್ತು. ಎತ್ತಿ ಲಾಕ್ ತೆಗೆದು ಆಪ್ ತೆರೆದ ಮೇಲಷ್ಟೇ ಮಿಸ್ಡ್ ಕಾಲ್ ಬಂದು ಕೂತಿತು. ಆಪ್ ಎದ್ದು ಸರ್ವರ್ ಜೊತೆ ಮಾತಾಡಿದ ಮೇಲೆ ಹಳೆಯ ಕರೆಯ ಸುದ್ದಿ ಬಂತು, ಅಲ್ವಾ? ಮೊದಲ ತೊಂದರೆ ಬ್ಯಾಟರಿ ಕಡೆಯದೇ ಅಂತ ಖಾತ್ರಿಯಾಯಿತು.

ಇಲ್ಲಿ ಒಂದು ಮಾತು ಹೇಳಬೇಕು. ಡೋಜ್ ಒಂದೇ ಇದ್ದರೆ ಸಾಮಾನ್ಯವಾಗಿ ಕರೆಗಳು ತಪ್ಪುವುದಿಲ್ಲ. ಕರೆಯಂಥ ತುರ್ತು ಸಂದೇಶಕ್ಕೆ ಆಂಡ್ರಾಯ್ಡ್ ದಾರಿ ಬಿಡುತ್ತದೆ. ಆ ದಾರಿ ಮುಚ್ಚುವುದು ಅದರ ಮೇಲೆ ಬಿದ್ದ ಬೇರೆ ಬೀಗಗಳಿಂದ. ಚಿಕ್ಕಮ್ಮನ ಫೋನಿನಲ್ಲಿ ಅಂಥವು ಎರಡು ಇದ್ದವು. ಆಪ್‌ನ ಐಕಾನ್ ಒತ್ತಿ ಹಿಡಿದು "App info" ತೆರೆದು "Battery" ನೋಡಿದೆ. ಈಚಿನ ಆಂಡ್ರಾಯ್ಡ್‌ನಲ್ಲಿ ಅಲ್ಲಿ ಸಾಮಾನ್ಯವಾಗಿ ಮೂರು ಆಯ್ಕೆ: "Unrestricted", "Optimized", "Restricted". ಅವರದ್ದು "Restricted" ಆಗಿತ್ತು. ಬ್ಯಾಟರಿ ಬೇಗ ಖಾಲಿಯಾಗುತ್ತದೆ ಅಂತ ಯಾರೋ ಒಮ್ಮೆ ಹಾಗೆ ಮಾಡಿಕೊಟ್ಟಿದ್ದರಂತೆ. ಅದನ್ನು "Unrestricted" ಮಾಡಿದೆ.

ಎರಡನೇ ಬೀಗ ಫೋನ್ ಮಾಡಿದ ಕಂಪನಿಯದೇ. ಹಲವು ಫೋನ್‌ಗಳಲ್ಲಿ ಆಂಡ್ರಾಯ್ಡ್‌ನ ಮೇಲೆ ಕಂಪನಿಯ ಸ್ವಂತ ಪಟ್ಟಿ ಇರುತ್ತದೆ. ಒಂದರಲ್ಲಿ ಆಪ್‌ಗಳನ್ನು ಮಲಗಿಸುವ ಪಟ್ಟಿ, ಇನ್ನೊಂದರಲ್ಲಿ ತಾನಾಗಿ ಶುರುವಾಗಲು ಬಿಡುವ ಅನುಮತಿ, ಹೀಗೆ ಹೆಸರು ಬೇರೆ ಬೇರೆ. "Battery" ಅಥವಾ "Device care" ಥರದ ಪುಟದೊಳಗೆ ಹುಡುಕಿದರೆ ಸಿಗುತ್ತದೆ. "App info" ಒಳಗಿನ ಸೆಟ್ಟಿಂಗ್ ಸರಿ ಮಾಡಿದರೂ ಈ ಪಟ್ಟಿಯಲ್ಲಿ ಆಪ್ ಉಳಿದಿದ್ದರೆ ಪ್ರಯೋಜನವಿಲ್ಲ. ಮಲಗಿಸುವ ಪಟ್ಟಿಯಿಂದ ಆಪ್ ತೆಗೆದು, ಯಾವತ್ತೂ ಮಲಗಿಸಬಾರದು ಅನ್ನುವ ಪಟ್ಟಿಗೆ ಸೇರಿಸಿದೆ. ಬ್ಯಾಟರಿ ಸೇವರ್ ದಿನವಿಡೀ ಆನ್ ಇತ್ತು, ಅದನ್ನು ಚಾರ್ಜ್ ತೀರಾ ಕಡಿಮೆಯಾದಾಗ ಮಾತ್ರ ಬರುವಂತೆ ಮಾಡಿದೆ. "ಬ್ಯಾಟರಿ ಬೇಗ ಹೋಗಲ್ವೇನೋ?" ಅಂತ ಚಿಕ್ಕಮ್ಮ ಕೇಳಿದರು. ಕರೆ ಬರುವ ಒಂದು ಆಪ್‌ಗೆ ಮಾತ್ರ ಈ ಬಿಡುಗಡೆ, ಉಳಿದದ್ದೆಲ್ಲ ಹಾಗೇ ಇರಲಿ ಅಂದೆ. ಎಲ್ಲ ಆಪ್‌ಗಳಿಗೂ ಕೊಟ್ಟರೆ ಅವರ ಭಯ ನಿಜವಾಗುತ್ತದೆ.

ಸುಮ್ನೆ ಕಾಯುವುದು ಬೇಡ, ಕಂಪ್ಯೂಟರ್ ಇದೆ ಅನ್ನುವವರಿಗೆ ಒಂದು ದಾರಿ ಇದೆ. ಡೆವಲಪರ್ ಆಯ್ಕೆಗಳಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ, ಕೇಬಲ್ ಚುಚ್ಚಿ, ಪರದೆ ಆರಿಸಿ, ಕಂಪ್ಯೂಟರಿನಲ್ಲಿ adb ಅನ್ನುವ ಉಪಕರಣದ ಮೂಲಕ ಈ ಎರಡು ಸಾಲು ಕೊಟ್ಟರೆ ಫೋನ್ ಕೂಡಲೇ ಡೋಜ್‌ಗೆ ಹೋಗುತ್ತದೆ. ಮೊದಲ ಸಾಲು ಕೇಬಲ್ ಇದ್ದರೂ ಚಾರ್ಜರ್ ಇಲ್ಲ ಅಂತ ಫೋನಿಗೆ ನಂಬಿಸುತ್ತದೆ.

```
adb shell dumpsys battery unplug
adb shell dumpsys deviceidle force-idle
```

ಕರೆ ಮಾಡಿ ನೋಡಿದ ಮೇಲೆ ಹಿಂದಿನ ಸ್ಥಿತಿಗೆ ತರುವುದನ್ನು ಮರೆಯಬಾರದು.

```
adb shell dumpsys deviceidle unforce
adb shell dumpsys battery reset
```

ಆದರೆ ಇದು ಡೋಜ್ ಅನ್ನು ಮಾತ್ರ ಪರೀಕ್ಷಿಸುತ್ತದೆ. ಕಂಪನಿಯ ಸ್ವಂತ ಪಟ್ಟಿ ಇದರಿಂದ ಕೆಲಸಕ್ಕೆ ಇಳಿಯುವುದಿಲ್ಲ. ಅದಕ್ಕೇ ಕೊನೆಯ ಪರೀಕ್ಷೆ ಯಾವಾಗಲೂ ಟೇಬಲ್ ಮೇಲೆ ಬಿಟ್ಟು ಕಾಯುವುದೇ.

ಮತ್ತೆ ಕಾದು ಕರೆ ಮಾಡಿದೆ. ಈ ಸಲ ನನ್ನ ಪರದೆಯಲ್ಲಿ "Ringing" ಬಂತು. ಆದರೆ ಚಿಕ್ಕಮ್ಮನ ಫೋನ್ ಮಾತ್ರ ಸದ್ದು ಮಾಡಲಿಲ್ಲ, ಪರದೆಯೂ ಬೆಳಗಲಿಲ್ಲ. ಕರೆ ಇನ್ನೂ ನಡೆಯುತ್ತಿರುವಾಗಲೇ ಲಾಕ್ ತೆಗೆದು ಮೇಲಿನಿಂದ ಕೆಳಗೆ ಎಳೆದೆ. ನೋಟಿಫಿಕೇಷನ್‌ಗಳ ಪಟ್ಟಿಯ ಕೆಳಗೆ, ಸದ್ದಿಲ್ಲದವುಗಳ ಗುಂಪಿನಲ್ಲಿ, ಕರೆ ಬರುತ್ತಿದೆ ಅನ್ನುವ ಸಾಲು ಕಾಣಿಸಿತು. ಎರಡನೇ ತೊಂದರೆ ಕಣ್ಣೆದುರೇ ಇತ್ತು.

ಇಲ್ಲಿ ಎಲ್ಲರನ್ನೂ ದಾರಿ ತಪ್ಪಿಸುವುದು ಮೆಸೇಜುಗಳು. ಚಿಕ್ಕಮ್ಮನಿಗೆ ಮೆಸೇಜ್ ಬಂದರೆ ಟಿಂಗ್ ಅನ್ನುತ್ತಿತ್ತು. ಹಾಗಾಗಿ ನೋಟಿಫಿಕೇಷನ್ ಸರಿ ಇದೆ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಆದರೆ 2017ರ ಆಂಡ್ರಾಯ್ಡ್ 8ರಿಂದ ಒಂದೇ ಆಪ್‌ನ ನೋಟಿಫಿಕೇಷನ್‌ಗಳು ಬೇರೆ ಬೇರೆ ವಿಭಾಗಗಳಾಗಿ ಬರುತ್ತವೆ. ಮೆಸೇಜಿಗೆ ಒಂದು, ಗುಂಪಿಗೆ ಒಂದು, ಕರೆಗೆ ಒಂದು. ಒಂದು ಆನ್ ಇದ್ದು ಇನ್ನೊಂದು ಆಫ್ ಇರಬಹುದು. "App info" ಒಳಗೆ "Notifications" ಒತ್ತಿ ಪೂರ್ತಿ ಕೆಳಗಿನವರೆಗೆ ಜರುಗಿಸಿ ನೋಡಿದೆ. ಕರೆಗಳ ವಿಭಾಗ "Silent" ಆಗಿತ್ತು. ಕರೆ ಬಂದಾಗ ಯಾವಾಗಲೋ ನೋಟಿಫಿಕೇಷನ್ ಮೇಲೆ ಬೆರಳು ಒತ್ತಿ ಹಿಡಿದರೆ ಬರುವ ಆಯ್ಕೆಯಲ್ಲಿ ಹೀಗಾಗುವುದು ಸುಲಭ. "Silent" ಆದ ವಿಭಾಗ ಸದ್ದನ್ನೂ ಮಾಡುವುದಿಲ್ಲ, ಲಾಕ್ ಪರದೆ ತುಂಬ ಕರೆಯನ್ನೂ ತೋರಿಸುವುದಿಲ್ಲ. ಒಮ್ಮೆ ಬಳಸುವವರು ಹೀಗೆ ಇಟ್ಟ ಮೇಲೆ ಆಪ್ ತಾನಾಗಿ ಅದನ್ನು ಬದಲಾಯಿಸಲಾರದು. ಆಪ್ ಅಪ್‌ಡೇಟ್ ಮಾಡಿದರೂ ಸರಿಹೋಗದಿರುವುದು ಅದಕ್ಕೇ. ನಾನು ಅದನ್ನು ಸದ್ದು ಮಾಡುವ ಆಯ್ಕೆಗೆ ಬದಲಾಯಿಸಿದೆ. ಲಾಕ್ ಪರದೆಯಲ್ಲಿ ತೋರಿಸುವ ಆಯ್ಕೆಯನ್ನೂ ನೋಡಿದೆ.

ಇದೇ ಜಾಗದಲ್ಲಿ ಇನ್ನೊಂದನ್ನೂ ನೋಡುವ ಅಭ್ಯಾಸ ನನಗಿದೆ. ಆಂಡ್ರಾಯ್ಡ್ 14ರಿಂದ ಲಾಕ್ ಪರದೆ ತುಂಬ ನೋಟಿಫಿಕೇಷನ್ ತೋರಿಸಲು ಪ್ರತ್ಯೇಕ ಅನುಮತಿ ಇದೆ. "Special app access" ಒಳಗೆ "Full screen notifications" ಅಂತ ಸಿಗುತ್ತದೆ. ಅಲ್ಲಿ ಆಪ್ ಆಫ್ ಆಗಿದ್ದರೆ ಕರೆ ದೊಡ್ಡ ಪರದೆಯಾಗಿ ಬರದೆ ಸಣ್ಣ ಪಟ್ಟಿಯಾಗಿ ಬರುತ್ತದೆ. ಸದ್ದು ಬರುತ್ತದೆ, ಎತ್ತಲು ಮಾತ್ರ ಕಾಣಿಸುತ್ತಿಲ್ಲ ಅನ್ನುವವರು ಅಲ್ಲಿ ನೋಡಬೇಕು. ಚಿಕ್ಕಮ್ಮನದು ಆನ್ ಇತ್ತು. ಹೊಸದಾಗಿ ಆಪ್ ಹಾಕಿಕೊಂಡವರಿಗೆ ಇನ್ನೊಂದು ಸಂದರ್ಭ ಇದೆ. ಆಂಡ್ರಾಯ್ಡ್ 13ರಿಂದ ನೋಟಿಫಿಕೇಷನ್ ಹಾಕಲು ಆಪ್ ಮೊದಲೇ ಅನುಮತಿ ಕೇಳುತ್ತದೆ. ಆಗ ಬೇಡ ಅಂದಿದ್ದರೆ ಇಡೀ ಆಪ್‌ನ ನೋಟಿಫಿಕೇಷನ್ನೇ ಇರುವುದಿಲ್ಲ.

ಮೂರನೇ ಸಲ ಕಾದು ಕರೆ ಮಾಡಿದಾಗ ಫೋನ್ ಬೆಳಗಿ ಜೋರಾಗಿ ಹೊಡೆಯಿತು. ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲೂ ಒಮ್ಮೆ ನೋಡಿದೆ. ಡೇಟಾ ಸೇವರ್ ಆನ್ ಇದ್ದರೆ ವೈಫೈಯಲ್ಲಿ ಬರುವ ಕರೆ ಹೊರಗೆ ಹೋದಾಗ ತಪ್ಪಬಹುದು. ಅದಕ್ಕೇ ಎರಡರಲ್ಲೂ ನೋಡದೆ ಮುಗಿಯಿತು ಅಂತ ನಾನು ಹೇಳುವುದಿಲ್ಲ.

ಸಿಮ್ ಕರೆಗಳೇ ತಪ್ಪುತ್ತಿದ್ದರೆ ದಾರಿ ಬೇರೆ. ಕರೆಗಳ ಪಟ್ಟಿಯಲ್ಲಿ ಮಿಸ್ಡ್ ಕಾಲ್ ಇದ್ದು ಸದ್ದಿಲ್ಲ ಅಂದರೆ "Do Not Disturb" ನೋಡಿ, ರಾತ್ರಿಗೆ ಸಮಯ ಇಟ್ಟಿದ್ದು ಹಾಗೇ ಉಳಿದಿರಬಹುದು. ಒಬ್ಬರೇ 15 ನಿಮಿಷದೊಳಗೆ ಎರಡನೇ ಸಲ ಮಾಡಿದಾಗ ಹೊಡೆದರೆ ಅದೇ ಕಾರಣ ಅನ್ನಿ. ಪದೇ ಪದೇ ಮಾಡುವವರನ್ನು ಬಿಡುವ ಆಯ್ಕೆ ಅದರಲ್ಲಿದೆ. ಅದಲ್ಲದಿದ್ದರೆ ಫೋನ್ ಆಪ್‌ನ ಕರೆ ವಿಭಾಗದ ನೋಟಿಫಿಕೇಷನ್ ನೋಡಿ. ಕರೆ ಮಾಡಿದವರ ಹೆಸರು ತೋರಿಸುವ ಬೇರೆ ಆಪ್ ಅನ್ನು ಫೋನ್ ಆಪ್ ಆಗಿ ಆರಿಸಿಕೊಂಡಿದ್ದರೆ ಆ ಆಪ್‌ನದ್ದನ್ನು ನೋಡಬೇಕು. ಪಟ್ಟಿಯಲ್ಲಿ ಏನೂ ಇಲ್ಲದೆ ಮಿಸ್ಡ್ ಕಾಲ್ ಇತ್ತು ಅಂತ ಎಸ್ಸೆಮ್ಮೆಸ್ ಮಾತ್ರ ಬಂದರೆ ಹೆಚ್ಚಾಗಿ ಆಗ ಫೋನ್‌ಗೆ ನೆಟ್‌ವರ್ಕ್ ಇರಲಿಲ್ಲ ಅಂತ ಅರ್ಥ. ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ಪ್ರಯೋಜನವಿಲ್ಲ.

ಚಿಕ್ಕಮ್ಮನಿಗೆ ಒಂದು ಮಾತು ಹೇಳಿಬಂದೆ. ಓಡುತ್ತಿರುವ ಆಪ್‌ಗಳನ್ನೆಲ್ಲ ಒರೆಸಿ ಹಾಕುವ ಅಭ್ಯಾಸ ಅವರಿಗಿತ್ತು. ಕೆಲವು ಫೋನ್‌ಗಳಲ್ಲಿ ಹಾಗೆ ಒರೆಸಿದರೆ ಆಪ್ ಪೂರ್ತಿ ನಿಂತೇ ಹೋಗುತ್ತದೆ. ಹಾಗೆ ನಿಂತ ಆಪ್‌ಗೆ, ಅದನ್ನು ಮತ್ತೆ ತೆರೆಯುವವರೆಗೆ, ಕರೆಯ ಸಂದೇಶ ಬರುವುದೇ ಇಲ್ಲ. ಫೋನ್‌ಗೆ ದೊಡ್ಡ ಅಪ್‌ಡೇಟ್ ಬಂದ ಮೇಲೆ ಕೆಲವು ಕಂಪನಿಗಳ ಬ್ಯಾಟರಿ ಪಟ್ಟಿ ಹಳೆಯ ಸ್ಥಿತಿಗೆ ಮರಳುವುದನ್ನೂ ನೋಡಿದ್ದೇನೆ. ಹಾಗಾಗಿ ಅಪ್‌ಡೇಟ್ ಆದ ಮೇಲೆ ಕರೆ ತಪ್ಪಿದರೆ ಮೊದಲು ಆ ಮಲಗಿಸುವ ಪಟ್ಟಿಯನ್ನೇ ತೆರೆದು ನೋಡಿ ಅಂತ ಅವರ ಮಗನಿಗೂ ಹೇಳಿದ್ದೇನೆ.