ನೂರೈವತ್ತು ರೂಪಾಯಿ ಚಾಳೀಸು ಎಲ್ಲಿಗೆ ಸಾಕಾಯ್ತು, ಎಲ್ಲಿಗೆ ಸಾಲಲಿಲ್ಲ

ಆಲ್ದೂರಿನ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಕತೆ ಬರೆಯುವ ರೈಟರ್ ಅಲ್ಲ, ಚೆಕ್‌ರೋಲ್ ಬರೆಯುವ ರೈಟರ್. ಯಾರು ಎಷ್ಟು ದಿನ ಬಂದರು, ಎಷ್ಟು ಕೆ.ಜಿ. ಹಣ್ಣು ಕುಯ್ದರು, ಯಾರಿಗೆ ಎಷ್ಟು ಅಡ್ವಾನ್ಸ್ ಹೋಗಿದೆ, ಎಲ್ಲವೂ ಬೆರಳ ತುದಿಯಷ್ಟು ಚೌಕದೊಳಗೆ ಕೂರಬೇಕು. ನನಗೆ 46 ನಡೆಯುತ್ತಿದ್ದಾಗ ಒಂದು ಸಂಜೆ ಬಟವಾಡೆ ಹೊತ್ತಿನಲ್ಲಿ 38 ಅನ್ನು 33 ಅಂತ ಓದಿದೆ. "ರೈಟ್ರೇ, ನಂದು ಮೂವತ್ತೆಂಟು, ಸರಿಯಾಗಿ ನೋಡಿ" ಅಂತ ಹಣ್ಣು ಕುಯ್ಯುವ ಒಬ್ಬಾಕೆ ಗದರಿದಳು. ಪುಸ್ತಕವನ್ನು ಸ್ವಲ್ಪ ಹಿಂದಕ್ಕೆ ಸರಿಸಿದೆ. 38 ಸರಿಯಾಗಿ ಕಂಡಿತು.

ಚಾಳೀಸು ಬಂದಿತ್ತು. ಹೆಸರೇ ಹೇಳುವ ಹಾಗೆ ನಲವತ್ತರ ಆಸುಪಾಸಿನಲ್ಲಿ ಬರುವಂಥದ್ದು. ಕಣ್ಣೊಳಗಿನ ಮಸೂರ ವಯಸ್ಸಾದಂತೆ ಗಡುಸಾಗುತ್ತದೆ. ಹತ್ತಿರದ್ದನ್ನು ನೋಡುವಾಗ ಅದು ಉಬ್ಬಬೇಕು, ಉಬ್ಬುವುದು ಕಡಿಮೆಯಾಗುತ್ತದೆ. ಬೆಳಕು ಕಡಿಮೆ ಇದ್ದಾಗ ಪಾಪೆ ಅಗಲವಾಗುವುದರಿಂದ ಮಸುಕು ಇನ್ನೂ ಜಾಸ್ತಿ. ಬೆಳಗ್ಗೆ ಚೆನ್ನಾಗಿ ಕಾಣುತ್ತಿದ್ದ ಪುಸ್ತಕ ಸಂಜೆ ಕೈಕೊಡುತ್ತಿದ್ದದ್ದು ಅದಕ್ಕೇ.

ಮುಂದಿನ ಸಲ ಚಿಕ್ಕಮಗಳೂರಿಗೆ ಹೋದಾಗ ರಸ್ತೆ ಬದಿಯ ಸ್ಟ್ಯಾಂಡಿನಲ್ಲಿ 150 ರೂಪಾಯಿಗೆ ರೆಡಿಮೇಡ್ ಕನ್ನಡಕ ತಗೊಂಡೆ. ನಾಲ್ಕೈದು ಹಾಕಿ ನೋಡಿದೆ. ಅಂಗಡಿಯವನು ಕೊಟ್ಟ ಚೀಟಿಯಲ್ಲಿ ಯಾವುದರಲ್ಲಿ ಅಕ್ಷರ ದಪ್ಪಗೆ ಕಂಡಿತೋ ಅದನ್ನೇ ಆರಿಸಿದೆ. +2.00. ಎಲ್ಲರೂ ಮಾಡುವ ತಪ್ಪು ಇದೇ. ದಪ್ಪ ಕಂಡರೆ ಒಳ್ಳೆಯದು ಅಂದುಕೊಳ್ಳುತ್ತೇವೆ.

ಆಫೀಸಿಗೆ ಬಂದು ಕೂತರೆ ಚೆಕ್‌ರೋಲ್ ಸೊಗಸಾಗಿ ಕಂಡಿತು. ತಲೆ ಎತ್ತಿ ಕಂಪ್ಯೂಟರ್ ನೋಡಿದರೆ ಮಂಜು. ಕುತ್ತಿಗೆ ಮುಂದೆ ಚಾಚಿ ಚಾಚಿ ಮೂರು ದಿನಕ್ಕೆ ಹೆಗಲು ನೋವು. ನಾಲ್ಕನೇ ದಿನ ಕನ್ನಡಕ ತೆಗೆಯದೆ ಮೆಟ್ಟಿಲು ಇಳಿಯಲು ಹೋಗಿ ಕೊನೆಯ ಮೆಟ್ಟಿಲು ತಪ್ಪಿದೆ. ಕಾಲು ಉಳುಕಲಿಲ್ಲ, ಪುಣ್ಯ.

ಇದರ ಲೆಕ್ಕ ಗೊತ್ತಾದದ್ದು ಆಮೇಲೆ. 100 ಅನ್ನು ಕನ್ನಡಕದ ಪವರ್‌ನಿಂದ ಭಾಗಿಸಿ. ಬರುವ ಸಂಖ್ಯೆ ಸೆಂಟಿಮೀಟರ್. ದೂರದ ನಂಬರ್ ಇಲ್ಲದ ಕಣ್ಣಿಗೆ ಆ ಕನ್ನಡಕದಲ್ಲಿ ಸ್ಪಷ್ಟವಾಗಿ ಕಾಣುವ ಗಡಿ ಅದು. ಅದರಾಚೆಗೆ ಮಸುಕೇ. +2.00ಕ್ಕೆ ಗಡಿ 50 ಸೆಂ.ಮೀ. ಟೇಪ್ ಹಿಡಿದು ಅಳೆದೆ. ಕಣ್ಣಿನಿಂದ ಚೆಕ್‌ರೋಲ್ 38, ಕಂಪ್ಯೂಟರ್ 65. ಮೆಟ್ಟಿಲಂತೂ ಒಂದೂವರೆ ಮೀಟರ್ ಕೆಳಗೆ. ಪುಸ್ತಕವೊಂದೇ ಗಡಿಯ ಒಳಗಿತ್ತು, ಉಳಿದದ್ದೆಲ್ಲ ಹೊರಗೆ. +1.25 ಆದರೆ ಗಡಿ 80 ಸೆಂ.ಮೀ.ಗೆ ಹೋಗುತ್ತದೆ, ಪುಸ್ತಕ ಕಂಪ್ಯೂಟರ್ ಎರಡೂ ಒಳಗೆ ಬರುತ್ತವೆ. ಚಾಳೀಸು ಹೊಸದಾಗಿ ಬಂದಾಗ ಕಣ್ಣಿಗೆ ಇನ್ನೂ ಸ್ವಲ್ಪ ಶಕ್ತಿ ಇರುತ್ತದಲ್ವಾ, ಪುಸ್ತಕಕ್ಕೆ ಬೇಕಾದ ಉಳಿದ ಪವರ್ ಅನ್ನು ಕಣ್ಣೇ ಕೊಡುತ್ತದೆ. ಹಾಗಾಗಿ ನಮ್ಮ ಕೆಲಸದ ದೂರಕ್ಕೆ ಆರಾಮಾಗಿ ಕಾಣಿಸುವ ಅತಿ ಕಡಿಮೆ ಪವರ್ ಯಾವುದೋ ಅದನ್ನೇ ತಗೊಳ್ಳಬೇಕು.

ಮತ್ತೆ ಪೇಟೆಗೆ ಹೋದಾಗ ಅದೇ ಸ್ಟ್ಯಾಂಡಿನಲ್ಲಿ +1.25 ಹುಡುಕಿದೆ. ಈ ಸಲ ಜೇಬಿನಲ್ಲಿ ಚೆಕ್‌ರೋಲಿನ ಒಂದು ಹಳೇ ಹಾಳೆ, 38 ಸೆಂ.ಮೀ.ಗೆ ಕತ್ತರಿಸಿದ ಒಂದು ದಾರ. ಅಂಗಡಿಯವನು ನಕ್ಕ. ದಾರದ ಒಂದು ತುದಿ ಕಣ್ಣಿನ ಪಕ್ಕ, ಇನ್ನೊಂದು ಹಾಳೆಗೆ. ಆ ದೂರದಲ್ಲಿ ಓದಿ ನೋಡಿದೆ, ಚೆನ್ನಾಗಿತ್ತು. ಆಮೇಲೆ ಕನ್ನಡಕವನ್ನು ಕೈ ಚಾಚಿ ಹಿಡಿದು, ಎದುರಿನ ಅಂಗಡಿ ಬಾಗಿಲಿನ ನೇರ ಗೆರೆಯನ್ನು ಅದರ ಮೂಲಕ ನೋಡುತ್ತಾ ನಿಧಾನಕ್ಕೆ ಆಚೆ ಈಚೆ ಆಡಿಸಿದೆ. ಗೆರೆ ಜರುಗುವುದು ಸಹಜ. ಆದರೆ ನಡುವೆ ಎಲ್ಲಾದರೂ ಅಲೆಯ ಹಾಗೆ ಬಳುಕಿದರೆ ಆ ಗಾಜು ಬೇಡ. ಮೊದಲು ಕೊಟ್ಟ ಜೋಡಿ ಬಳುಕಿತು, ಎರಡನೆಯದು ಸರಿಯಿತ್ತು.

ಅಂಟಿಸಿದ ಚೀಟಿಯ ಪವರ್ ನಿಜವೋ ಸುಳ್ಳೋ ನೋಡುವುದಕ್ಕೆ ತೋಟದಲ್ಲಿ ಒಳ್ಳೆಯ ಜಾಗ ಇದೆ, ಕಾಫಿ ಒಣಗಿಸುವ ಕಣ. ಮಧ್ಯಾಹ್ನದ ಬಿಸಿಲಿನಲ್ಲಿ ಸಿಮೆಂಟ್ ನೆಲದ ಮೇಲೆ ಕನ್ನಡಕ ಹಿಡಿದು ಏರಿಸಿ ಇಳಿಸಿದರೆ ಒಂದು ಎತ್ತರದಲ್ಲಿ ಬೆಳಕಿನ ಚುಕ್ಕೆ ಅತಿ ಚಿಕ್ಕದಾಗುತ್ತದೆ. ಚುಕ್ಕೆಯಿಂದ ಗಾಜಿಗೆ ಅಲ್ಲಿ 80 ಸೆಂ.ಮೀ. ಇದ್ದರೆ +1.25. ಎರಡು ಗಾಜಿಗೂ ಒಂದೇ ಅಳತೆ ಬರಬೇಕು. ನನ್ನದಕ್ಕೆ ಹತ್ತಿರ ಹತ್ತಿರ ಬಂತು. ಒಣ ಎಲೆ, ಕಾಗದದ ಮೇಲೆ ಈ ಪ್ರಯೋಗ ಬೇಡ, ಸುಡಬಹುದು. ಆ ಚುಕ್ಕೆಯನ್ನೇ ನೆಟ್ಟ ದೃಷ್ಟಿಯಿಂದ ನೋಡುತ್ತಾ ಕೂರುವುದೂ ಬೇಡ.

ಹತ್ತು ದಿನ ಖುಷಿಯಾಗಿತ್ತು. ಆಮೇಲೆ ತಿಂಗಳ ಕೊನೆಯ ಲೆಕ್ಕ ಬಂತು. ಒಂದೇ ಸಮ ಮೂರು ನಾಲ್ಕು ಗಂಟೆ ಪುಸ್ತಕ. ಎರಡನೇ ಗಂಟೆಗೆ ಹುಬ್ಬಿನ ಮೇಲೆ ಎಡಗಡೆ ನೋವು ಶುರು. ಸುಮ್ನೆ ಒಂದು ಕಣ್ಣು ಮುಚ್ಚಿ ನೋಡಿದೆ. ಬಲಗಣ್ಣಿಗೆ ಅಂಕಿ ಕಡೆದಿಟ್ಟ ಹಾಗೆ. ಎಡಗಣ್ಣಿಗೆ ಅದೇ ದೂರದಲ್ಲಿ ಚೌಕದ ಅಡ್ಡ ಗೆರೆ ಒಂದು ತರ, ಉದ್ದ ಗೆರೆ ಒಂದು ತರ. ಒಂದು ತೀಕ್ಷ್ಣ, ಇನ್ನೊಂದು ಮಾಸಲು. ಅಂಗಡಿಯಲ್ಲಿ ಎರಡೂ ಕಣ್ಣು ತೆರೆದೇ ನೋಡಿದ್ದೆ, ಅದಕ್ಕೇ ಗೊತ್ತಾಗಿರಲಿಲ್ಲ. ಒಳ್ಳೆಯ ಕಣ್ಣು ಇನ್ನೊಂದರ ಕೊರತೆಯನ್ನು ಮುಚ್ಚಿಬಿಡುತ್ತದೆ.

ಈ ಒಂದು ನಿಮಿಷದ ಪರೀಕ್ಷೆಯನ್ನು ಮೊದಲೇ ಮಾಡಬೇಕಿತ್ತು. ರೆಡಿಮೇಡ್ ಕನ್ನಡಕದಲ್ಲಿ ಎರಡೂ ಗಾಜಿಗೆ ಒಂದೇ ಪವರ್. ಒಂದು ದಿಕ್ಕಿನ ಮಸುಕನ್ನು ಸರಿಮಾಡುವ ಸಿಲಿಂಡರ್ ಪವರ್ ಇಲ್ಲವೇ ಇಲ್ಲ. ಕಣ್ಣುಗಳಲ್ಲಿ ವ್ಯತ್ಯಾಸ ಇದ್ದರೆ ಅಥವಾ ಹೀಗೆ ಒಂದು ದಿಕ್ಕಿನ ಗೆರೆ ಮಾಸಿ ಕಂಡರೆ ಸ್ಟ್ಯಾಂಡಿನಲ್ಲಿ ಎಷ್ಟು ಹುಡುಕಿದರೂ ನಿಮ್ಮ ಜೋಡಿ ಸಿಗುವುದಿಲ್ಲ.

ಪೇಟೆಯಲ್ಲಿ ಕಣ್ಣು ಪರೀಕ್ಷೆಗೆ ಕೂತೆ. ಹುಡುಗಿ ನಿಧಾನಕ್ಕೆ, ಬೇಸರವಿಲ್ಲದೆ ನೋಡಿದಳು. ಬಲಗಣ್ಣಿಗೆ ದೂರದ ನಂಬರ್ ಏನೂ ಇಲ್ಲ, ಎಡಗಣ್ಣಿಗೆ 0.75 ಸಿಲಿಂಡರ್. ಹತ್ತಿರಕ್ಕೆ ಎರಡಕ್ಕೂ +1.25. ನಾನು ಟೇಪಿನಲ್ಲಿ ಅಳೆದ 38, 65 ಹೇಳಿದ್ದಕ್ಕೆ ಆಕೆಗೆ ಖುಷಿಯಾಯಿತು. "ಯಾರೂ ದೂರ ಅಳೆದುಕೊಂಡು ಬರಲ್ಲ ಸರ್, ನಾವೇ ಅಂದಾಜು ಮಾಡ್ತೀವಿ" ಅಂದಳು.

ಆಮೇಲೆ ಪಿ.ಡಿ. ಅಳೆದಳು. ಎರಡು ಪಾಪೆಗಳ ನಡುವಿನ ದೂರ ಅದು. ಹತ್ತಿರ ನೋಡುವಾಗ ಕಣ್ಣು ಒಳಕ್ಕೆ ತಿರುಗುವುದರಿಂದ ಅದು ಮೂರು ನಾಲ್ಕು ಮಿ.ಮೀ. ಕಡಿಮೆಯಾಗುತ್ತದೆ. ನನಗೆ ಹತ್ತಿರಕ್ಕೆ 58. ನನ್ನ ರೆಡಿಮೇಡ್ ಜೋಡಿಯ ಗಾಜಿನ ನಡುಬಿಂದುಗಳನ್ನು ಮೆಷಿನ್‌ನಲ್ಲಿ ಇಟ್ಟು ನೋಡಿದರೆ 64. ನಾನು ಗಾಜಿನ ನಡುವಿನಿಂದ ನೋಡುತ್ತಿರಲಿಲ್ಲ, ಮೂಗಿನ ಕಡೆಯ ಭಾಗದಿಂದ ನೋಡುತ್ತಿದ್ದೆ. ಪ್ಲಸ್ ಗಾಜಿನಲ್ಲಿ ಹಾಗೆ ಬದಿಯಿಂದ ನೋಡಿದರೆ ಕಣ್ಣು ಇನ್ನಷ್ಟು ಒಳಕ್ಕೆ ತಿರುಗಬೇಕಾಗುತ್ತದೆ. ಎಷ್ಟು ಹೊರೆ ಅನ್ನುವುದಕ್ಕೂ ಸುಲಭದ ಲೆಕ್ಕ ಇದೆ. ವ್ಯತ್ಯಾಸವನ್ನು ಸೆಂಟಿಮೀಟರ್‌ಗೆ ತಂದು ಪವರ್‌ನಿಂದ ಗುಣಿಸುವುದು. 0.6 ಗುಣಿಸು 1.25 ಅಂದರೆ 0.75 ಪ್ರಿಸಂ, ಈ ಹೊರೆಯನ್ನು ಅಳೆಯುವ ಮಾನ ಅದು. ಹೆಚ್ಚಿನವರ ಕಣ್ಣು ಇಷ್ಟನ್ನು ಗೊತ್ತೇ ಆಗದ ಹಾಗೆ ತಡೆಯುತ್ತದಂತೆ. ಅದೇ ವ್ಯತ್ಯಾಸ +3.00 ಕನ್ನಡಕದಲ್ಲಿದ್ದರೆ 1.8 ಆಗುತ್ತದೆ, ಆಗ ಕಣ್ಣು ಎಳೆದ ಹಾಗಾಗಬಹುದು, ಎರಡೆರಡು ಕಾಣಲೂಬಹುದು. ಚಾಳೀಸಿನ ಶುರುವಿನಲ್ಲಿ ಅಗ್ಗದ ಜೋಡಿ ಒಗ್ಗುವುದಕ್ಕೂ ವಯಸ್ಸಾದ ಮೇಲೆ ಅದೇ ತಲೆನೋವಾಗುವುದಕ್ಕೂ ಇದು ಒಂದು ಕಾರಣ.

ಕನ್ನಡಕ ಮಾಡಿಸಿದೆ. ಫ್ರೇಮಿಗೆ 600, ಗಾಜಿಗೆ 500. ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜಿನಲ್ಲಿ ಕಾಣಿಸುವ ಪ್ರೋಗ್ರೆಸಿವ್ ಹಾಕಿಸಿ ಅಂತ ಕೌಂಟರಿನವರು ಸ್ವಲ್ಪ ಒತ್ತಾಯ ಮಾಡಿದರು. ದೂರಕ್ಕೆ ಕನ್ನಡಕ ಇಲ್ಲದೆಯೇ ಆರಾಮಾಗಿ ಕಾಣುವವನಿಗೆ, ಕೂತು ಮಾಡುವ ಕೆಲಸಕ್ಕೆ, ನನಗೆ ಅದು ದಂಡ ಅನ್ನಿಸಿತು. ತಿಂಗಳ ಕೊನೆಯ ಲೆಕ್ಕ ಈಗ ನೋವಿಲ್ಲದೆ ಮುಗಿಯುತ್ತದೆ. ವ್ಯತ್ಯಾಸ ತಂದದ್ದು ಎಡಗಾಜಿನ ಸಿಲಿಂಡರ್ ಅಂತ ನನ್ನ ಅನಿಸಿಕೆ. ದುಬಾರಿ ಗಾಜಿಗೆ ಅದರದ್ದೇ ಏನೋ ಮಹಿಮೆ ಇದೆ ಅಂತ ನನಗೆ ಕಂಡಿಲ್ಲ.

ಹಾಗಂತ ಅಗ್ಗದ್ದನ್ನು ಎಸೆಯಲಿಲ್ಲ. ಅದು ಈಗ ಜೀಪಿನಲ್ಲಿದೆ. ಗೊಬ್ಬರದ ಚೀಲದ ಮೇಲಿನ ಅಕ್ಷರ, ಔಷಧಿ ಬಾಟಲಿಯ ಅಳತೆ, ಫೋನಿನ ಮೆಸೇಜ್, ಎಲ್ಲ ಎರಡು ಮೂರು ನಿಮಿಷದ ಕೆಲಸ. ಅಷ್ಟಕ್ಕೆ ಎಡಗಣ್ಣಿನ ಕೊರತೆ ಲೆಕ್ಕಕ್ಕೇ ಬರುವುದಿಲ್ಲ. ಕಳೆದುಹೋದರೂ ಹೊಟ್ಟೆ ಉರಿಯುವುದಿಲ್ಲ.

ನಮ್ಮ ಮೇಸ್ತ್ರಿಗಂತೂ ಅಗ್ಗದ್ದೇ ಸರಿಹೋಯಿತು. ಅವನಿಗೆ 50 ದಾಟಿದೆ. ಕಣ್ಣಿನ ಕ್ಯಾಂಪಿನಲ್ಲಿ ನೋಡಿಸಿದಾಗ ಎರಡು ಕಣ್ಣೂ ಸಮ, ಸಿಲಿಂಡರ್ ಇಲ್ಲ. +1.75 ರೆಡಿಮೇಡ್ ಹಾಕಿಕೊಂಡು ಹಾಜರಿ ಚೀಟಿ ಬರೆಯುತ್ತಾನೆ. ಅಂಥವನಿಗೆ ಸಾವಿರ ರೂಪಾಯಿ ಖರ್ಚು ಮಾಡಿಸುವುದು ನ್ಯಾಯವಲ್ಲ. ಅಸ್ಸಾಮಿನ ಚಹಾ ತೋಟಗಳಲ್ಲಿ 40 ದಾಟಿದ ಕಾರ್ಮಿಕರಿಗೆ ಹತ್ತಿರದ ಕನ್ನಡಕ ಕೊಟ್ಟು ನೋಡಿದ ಅಧ್ಯಯನವೊಂದು 2018ರಲ್ಲಿ ಬಂದಿತ್ತು. ಕನ್ನಡಕ ಸಿಕ್ಕವರ ಕುಯ್ಲು ಸಿಗದವರದ್ದಕ್ಕಿಂತ ಸುಮಾರು ಶೇ 20ರಷ್ಟು ಜಾಸ್ತಿ ಏರಿತ್ತು. ಮೇಸ್ತ್ರಿಗೆ ಹೇಳಿದೆ. "ಹಾಗಾದ್ರೆ ಎಲ್ಲರಿಗೂ ಒಂದೊಂದು ತಂದ್ಬಿಡಿ ರೈಟ್ರೇ" ಅಂದ. ತರಬಹುದು, ಆದರೆ ಒಬ್ಬೊಬ್ಬರಿಗೂ ಒಂದು ಕಣ್ಣು ಮುಚ್ಚಿಸಿ ನೋಡಬೇಕು ಅಂದೆ.

ಒಂದು ವಿಷಯ ಮಾತ್ರ ನಾನು ಮೊದಲು ಯೋಚಿಸಿರಲಿಲ್ಲ. ತಪ್ಪು ಪವರ್‌ನ ಅಗ್ಗದ ಕನ್ನಡಕ ದೊಡ್ಡವರ ಕಣ್ಣನ್ನು ಹಾಳುಮಾಡುವುದಿಲ್ಲ, ತಲೆನೋವು ತರಬಹುದು ಅಷ್ಟೇ. ಆದರೆ ಸ್ಟ್ಯಾಂಡಿನಲ್ಲಿ ಕಣ್ಣಿನ ಒತ್ತಡ ನೋಡುವವರಿಲ್ಲ. ಸಾಮಾನ್ಯವಾಗಿ ಆ ಒತ್ತಡ ಏರಿ ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಹೆಚ್ಚಾಗಿ ನೋವಿಲ್ಲದೆ, ಸುಳಿವು ಕೊಡದೆ ಬರುತ್ತದೆ. ನಮ್ಮಣ್ಣನಿಗೆ ಸಕ್ಕರೆ ಕಾಯಿಲೆ ಇದೆ ಅಂದಿದ್ದಕ್ಕೆ ನನಗೆ ಒತ್ತಡವನ್ನೂ ನೋಡಿದರು, ಹನಿ ಹಾಕಿ ಹಿಂಭಾಗದ ನರಪರದೆಯನ್ನೂ ನೋಡಿದರು. ಸಕ್ಕರೆ ಇದ್ದವರಲ್ಲಿ ಅದು ಏರಿಳಿದಾಗ ಕನ್ನಡಕದ ನಂಬರೂ ಏರಿಳಿಯುತ್ತದೆ, ಹಾಗಾಗಿ ಅಂಥವರು ಸಕ್ಕರೆ ಹತೋಟಿಗೆ ಬಂದ ಮೇಲೆ ಅಳತೆ ಕೊಡುವುದು ವಾಸಿ ಅಂತ ಡಾಕ್ಟರು ಹೇಳಿದರು. ಅಣ್ಣ ಎರಡು ಸಲ ಕನ್ನಡಕ ಬದಲಿಸಿ ಬೈದುಕೊಂಡದ್ದರ ಗುಟ್ಟು ಆಗ ತಿಳಿಯಿತು.

ಮೊದಲು ತಂದ +2.00 ಎಲ್ಲಿ ಹೋಯಿತು ಅಂತ ಕೇಳಿದರೆ, ಮನೆಯ ಹೊಲಿಗೆ ಡಬ್ಬದಲ್ಲಿದೆ. ಮುಳ್ಳು ತೆಗೆಯುವಾಗ, ಸೂಜಿಗೆ ದಾರ ಪೋಣಿಸುವಾಗ ಕೈ ಕಣ್ಣಿನಿಂದ 30 ಸೆಂ.ಮೀ. ದೂರಕ್ಕೆ ಬರುತ್ತದೆ. ಆ ದೂರಕ್ಕೆ ಅದು ಹೇಳಿ ಮಾಡಿಸಿದ ಹಾಗಿದೆ.